ಅಂಗಳದಲ್ಲೊಂದು ಕಣ

ಕಳೆದ ಡಿಸೆಂಬರಿನ ಕೊನೆಯ ವಾರದಲ್ಲಿ ಐಚ್ಛಿಕ ಕನ್ನಡದ ನಾಲ್ವರು ವಿದ್ಯಾರ್ಥಿಗಳು ನನ್ನ ಬಳಿಗೆ ಬಂದರು. ಸಂಕ್ರಾಂತಿಗೆ ವಿಭಾಗದ ಮುಂದಿನ ಜಗುಲಿಯನ್ನು ಸಿಂಗರಿಸಬೇಕೆಂಬುದು ಅವರ ಆಸೆ. ಒಬ್ಬಳು ಮೊಬೈಲಿನಲ್ಲಿ ಕೆಲವು ಚಿತ್ರಗಳನ್ನು ತೋರಿಸಿದಳು. ಹಸಿರು ಪ್ಲಾಸ್ಟಿಕ್ಕಿನ ಕಬ್ಬು, ಥರ್ಮೊಕೋಲಿನ ಗಡಿಗೆ, ಬಣ್ಣದ ಕಾಗದದ ಎತ್ತು, ಗೋಣಿಚೀಲದ ಬಟ್ಟೆಗೆ ಅಂಟಿಸಿದ ಗೋಧಿಯ ತೆನೆ. "ಇದರಲ್ಲಿ ಯಾವುದು ಚೆನ್ನಾಗಿದೆ ಮೇಡಂ?" ಎಂದು ಕೇಳಿದಳು. ಗೋಧಿಯ ತೆನೆಯನ್ನು ನೋಡಿ ನನಗೆ ನಗು ಬಂದಿತು. ಆಲೂರು ಸೀಮೆಯ ಹೊಲದಲ್ಲಿ ನಾನು ಜೋಳ ಕಂಡಿದ್ದೇನೆ, ಸಜ್ಜೆ, ನವಣೆ, ತೊಗರಿ, ಶೇಂಗಾ, ಹತ್ತಿ ಕಂಡಿದ್ದೇನೆ. ಸಂಕ್ರಾಂತಿಯ ಹೊತ್ತಿಗೆ ಯಾರ ಮನೆಯ ಬಾಗಿಲಿಗೂ ಗೋಧಿಯ ಸೂಡು ಬಂದುದನ್ನು ಕಂಡಿಲ್ಲ. ಆದರೆ ನಗುವ ಹಕ್ಕು ನನಗೆ ಇರಲಿಲ್ಲ. ಅದೇ ತಪ್ಪನ್ನು ನಾನೂ ಒಮ್ಮೆ ಮಾಡಿದ್ದೆ, ಅದೂ ನನ್ನ ಅಜ್ಜಿಯ ಕಣ್ಣೆದುರಿಗೆ. ಅಂದು ಅವರಿಗೆ ಚುಟುಕಾಗಿ ಉತ್ತರಿಸಿ ಕಳುಹಿಸಿದೆ. ಪೂರ್ತಿ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಮನೆ ಆಲೂರಿನದು. 1953ರ ಅಕ್ಟೋಬರ್ 1ರವರೆಗೆ ಆಲೂರು, ಆದವಾನಿ, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಲ್ಲಿದ್ದುದನ್ನು ನೀವು ಓದಿ ಬಲ್ಲಿರಿ. ಆಡಳಿತದ ಗೆರೆ ಅಂದು ಸರಿಯಿತು. ಅಡುಗೆಮನೆಯ ಗೆರೆ ಮಾತ್ರ ಅಷ್ಟು ಸುಲಭವಾಗಿ ಸರಿಯಲಿಲ್ಲ. ಆದ್ದರಿಂದ ನಮ್ಮ ಓಣಿಯ ಸಂಕ್ರಾಂತಿಯಲ್ಲಿ ಎರಡು ಭಾಷೆಗಳ ಹಬ್ಬ ಬೆರೆತಿದೆ. ಪಕ್ಕದ ಮನೆಯವರ ಅಂಗಳದಲ್ಲಿ ಸಗಣಿಯ ಗೊಬ್ಬೆಮ್ಮ, ಅದರ ತಲೆಯ ಮೇಲೆ ಕುಂಬಳದ ಹೂ. ನಮ್ಮ ಪಡಸಾಲೆಯಲ್ಲಿ ಕುಸುರೆಳ್ಳು. ಭೋಗಿಯ ಸಂಜೆ ಅವರ ಮನೆಯ ಕೂಸಿಗೆ ಭೋಗಿಪಳ್ಳು ಸುರಿಯುವರು. ನಮ್ಮ ಮನೆಯ ಮಕ್ಕಳನ್ನೂ ಅದೇ ಚಾಪೆಯ ಮೇಲೆ ಕೂರಿಸಿ ಬಾರಿ ಹಣ್ಣು, ಕಬ್ಬಿನ ಚೂರು, ಚಿಲ್ಲರೆ ಕಾಸುಗಳನ್ನು ತಲೆಯ ಮೇಲಿಂದ ಎರೆಯುವರು. ಹಣ್ಣು ಒಂದೇ, ಹೆಸರು ಎರಡು.

ನಾನು ಬಿ.ಎ. ಎರಡನೆಯ ವರ್ಷದಲ್ಲಿದ್ದಾಗ ಮಳೆ ಕೈಕೊಟ್ಟಿತು. ಶೇಂಗಾ ಹೂಬಿಟ್ಟ ಮೇಲೆ ಒಂದು ತಿಂಗಳು ಹನಿ ಬೀಳಲಿಲ್ಲ. ನೆಲ ಗಟ್ಟಿಯಾದುದರಿಂದ ಹೂವಿನಿಂದ ಇಳಿಯಬೇಕಾದ ಊಡು ಮಣ್ಣಿನೊಳಗೆ ಹೋಗಲಾರದೆ ಒಣಗಿತು. ಗಿಡ ಕಿತ್ತಾಗ ಬೇರಿನಲ್ಲಿ ಎರಡೋ ಮೂರೋ ಕಾಯಿ, ಅವುಗಳಲ್ಲಿಯೂ ಅರ್ಧ ಜೊಳ್ಳು. ಆ ವರ್ಷದ ಸಂಕ್ರಾಂತಿಗೆ ಮನೆಯಲ್ಲಿ ಯಾರಿಗೂ ಉತ್ಸಾಹವಿರಲಿಲ್ಲ. ಕಾಲೇಜಿಗೆ ಹೋಗುವ ಹುಡುಗಿಯಾದ ನಾನು ಮನೆಯವರ ಮುಖ ಅರಳಿಸಬೇಕೆಂದುಕೊಂಡು ಆದವಾನಿಯ ಅಂಗಡಿಯಿಂದ ಬಣ್ಣದ ಗಡಿಗೆ, ಪ್ಲಾಸ್ಟಿಕ್ ತೋರಣ ತಂದೆ. ಕಿರಾಣಿ ಅಂಗಡಿಯಲ್ಲಿ ಐದು ಬಗೆಯ ಧಾನ್ಯಗಳನ್ನು ಎರಡೆರಡು ಕಿಲೊ ಕೊಂಡು ಅಂಗಳದಲ್ಲಿ ರಾಶಿ ಹಾಕಿದೆ. ನೋಡುವುದಕ್ಕೆ ಸೊಗಸಾಗಿಯೇ ಇದ್ದಿತು.

ಅಜ್ಜಿಯ ಕಣ್ಣಿಗೆ ಆ ವೇಳೆಗಾಗಲೇ ಪೊರೆ ಬಂದಿತ್ತು. ಅವಳು ಬಂದು ರಾಶಿಯ ಬಳಿ ಕುಳಿತು ಶೇಂಗಾದ ಒಂದು ಹಿಡಿ ಎತ್ತಿ ಬೆರಳಿನಿಂದ ಹೊರಳಿಸಿ ನೋಡಿದಳು.

"ಇದು ನಮ್ಮ ಹೊಲದ್ದಲ್ಲ."

"ಅಂಗಡಿದಜ್ಜಿ. ನಮ್ಮದು ಏನು ಬಂದಿಲ್ಲಲ್ಲ."

"ಎಷ್ಟು ಬಂದೈತೋ ಅಷ್ಟ ಇಡವ್ವ. ಹೊಲ ಸುಳ್ಳು ಹೇಳಿಲ್ಲ, ನಾವ್ಯಾಕ ಹೇಳಾಣ?"

ಅವಳು ಬೈಯಲಿಲ್ಲ. ಅಪ್ಪ ಬೀಜಕ್ಕೆಂದು ಎತ್ತಿಟ್ಟಿದ್ದ ಚೀಲದಿಂದ ಒಂದು ಸೇರು ಶೇಂಗಾ ತರಿಸಿ ಮೊರದಲ್ಲಿ ಹಾಕಿಸಿ ಅಂಗಳದ ನಡುವೆ ಇಡಿಸಿದಳು. ನಾನು ತಂದ ಧಾನ್ಯಗಳು ಅಡುಗೆಮನೆಯ ಡಬ್ಬಿಗಳಿಗೆ ಹೋದವು. ದೊಡ್ಡ ಅಂಗಳದಲ್ಲಿ ಆ ಒಂದು ಮೊರ ಬಡವಾಗಿ ಕಂಡಿತು. ಸಂಜೆ ಎಳ್ಳು ಬೀರಲು ಬಂದ ಹೆಂಗಸರು ಅದನ್ನು ನೋಡಿ ಒಂದು ಕ್ಷಣ ನಿಂತರು. ಅವರ ಮನೆಯ ಹೊಲವೂ ಅದೇ ಆಗಿತ್ತು. ಅವರಲ್ಲಿ ಒಬ್ಬಾಕೆ ತನ್ನ ಉಡಿಯಿಂದ ಹಿಡಿಯಷ್ಟು ತೊಗರಿಯನ್ನು ತೆಗೆದು ನಮ್ಮ ಮೊರಕ್ಕೆ ಸುರಿದು, "ನಮಗ ಇದಿಷ್ಟು ಬಂದೈತಿ" ಎಂದಳು.

ಕಾವ್ಯಮೀಮಾಂಸೆಯ ತರಗತಿಯಲ್ಲಿ ಅಲಂಕಾರಗಳನ್ನು ಪಾಠ ಮಾಡುವಾಗಲೆಲ್ಲ ನನಗೆ ಆ ಮೊರ ನೆನಪಾಗುತ್ತದೆ. ದಂಡಿಯು 'ಕಾವ್ಯಾದರ್ಶ'ದಲ್ಲಿ ಅರ್ಥಾಲಂಕಾರಗಳನ್ನು ಎಣಿಸುವಾಗ ಸ್ವಭಾವೋಕ್ತಿಯನ್ನೇ ಮೊದಲಿಗೆ ಇಟ್ಟಿದ್ದಾನೆ. 'ಕವಿರಾಜಮಾರ್ಗ' ಆ ಗ್ರಂಥಕ್ಕೆ ಎಷ್ಟು ಋಣಿಯೆಂಬುದು ನಿಮಗೆ ತಿಳಿದ ಸಂಗತಿ. ವಸ್ತುವನ್ನು ಇದ್ದಂತೆ ಕಾಣಿಸುವುದೂ ಒಂದು ಅಲಂಕಾರವೆಂಬ ಮಾತು ವಿದ್ಯಾರ್ಥಿಯಾಗಿದ್ದಾಗ ನನಗೆ ಒಗಟಿನಂತೆ ತೋರಿತ್ತು. ಅಜ್ಜಿಯ ಅಂಗಳದಲ್ಲಿ ಅದು ಬಿಡಿಸಿತು. ಸುಗ್ಗಿಯ ಸಿಂಗಾರವೆಂದರೆ ಆ ವರ್ಷ ಹೊಲ ಏನು ಕೊಟ್ಟಿತೆಂಬುದನ್ನು ಅಂಗಳದಲ್ಲಿ ಬರೆದಿಡುವುದು. ಮುಂದೆ ನಾನು ಹೇಳುವ ಕಣ, ಕಬ್ಬು, ಎಳ್ಳಿನ ತಟ್ಟೆಗಳೆಲ್ಲ ಈ ಒಂದು ನಿಯಮದಿಂದ ಹೊರಟವು.

ಮೊದಲು ಅಂಗಳ. ನಮ್ಮ ಮನೆಯಲ್ಲಿ ಅಂಗಳವನ್ನು ಚಿಕ್ಕದೊಂದು ಕಣವನ್ನಾಗಿ ಮಾಡುವುದು ರೂಢಿ. ಹಿಂದೆ ಕಣವೆಂದರೆ ಹೊಲದ ಮೂಲೆಯಲ್ಲಿ ಗುಂಡಗೆ ಗಟ್ಟಿಮಾಡಿ ಸಗಣಿಯಿಂದ ಸಾರಿಸಿದ ನೆಲ. ನಡುವೆ ನೆಟ್ಟ ಮರದ ಕಂಬವೇ ಮೇಟಿ. ಎತ್ತುಗಳನ್ನು ಮೇಟಿಗೆ ಕಟ್ಟಿ ಸುತ್ತ ತಿರುಗಿಸಿ ತೆನೆ ತುಳಿಸುತ್ತಿದ್ದರು. ಈಗ ಯಂತ್ರ ಬಂದು ರಸ್ತೆಯ ಬದಿಯಲ್ಲೇ ಕಾಳು ಬೇರೆಯಾಗುತ್ತದೆ. ಮೇಟಿಯೆಂಬ ಮಾತನ್ನು ನನ್ನ ವಿದ್ಯಾರ್ಥಿಗಳಲ್ಲಿ ಹಲವರು ನಿಘಂಟಿನಲ್ಲಿ ಹುಡುಕುತ್ತಾರೆ. ಆದ್ದರಿಂದಲೇ ಅದನ್ನು ಅಂಗಳದಲ್ಲಿ ನೆಡುವುದು ನನಗೆ ಇಷ್ಟ.

ಎರಡು ಮೊಳ ಉದ್ದದ ಹಗ್ಗದ ಒಂದು ತುದಿಯನ್ನು ನಡುವೆ ಒಬ್ಬರು ಒತ್ತಿ ಹಿಡಿದು, ಇನ್ನೊಂದು ತುದಿಗೆ ಸುಣ್ಣದ ಕಡ್ಡಿ ಕಟ್ಟಿ ಸುತ್ತಿದರೆ ನಾಲ್ಕು ಮೊಳ ಅಗಲದ ವೃತ್ತ ಬರುತ್ತದೆ. ಮಣ್ಣಿನ ಅಂಗಳವಾದರೆ ವೃತ್ತದ ಒಳಗನ್ನು ಭೋಗಿಯ ಹಿಂದಿನ ದಿನವೇ ಸಗಣಿಯಿಂದ ಸಾರಿಸಬೇಕು. ನಮ್ಮದು ಎರೆಮಣ್ಣು, ಒಣಗಿದಂತೆ ಬಿರುಕು ಬಿಡುತ್ತದೆ. ಸಗಣಿಯೊಂದಿಗೆ ಸ್ವಲ್ಪ ಮರಳನ್ನೂ ಹೊಟ್ಟನ್ನೂ ಕಲಸಿದರೆ ಬಿರುಕು ಕಡಿಮೆ. ಸಿಮೆಂಟಿನ ನೆಲವಾದರೆ ಕೆಮ್ಮಣ್ಣನ್ನು ನೀರಿನಲ್ಲಿ ಕದಡಿ ಬಳಿದರೂ ಸಾಕು. ವೃತ್ತದ ಅಂಚಿಗೆ ರಂಗೋಲಿಯ ಎರಡು ಗೆರೆ, ಅಷ್ಟೇ. ಒಳಗೆ ಚಿತ್ರ ಬರೆಯುವುದಿಲ್ಲ. ಅಲ್ಲಿ ಕಾಳು ಕೂರಬೇಕು.

ಮೇಟಿಯ ಜಾಗದಲ್ಲಿ ನಾವು ಕಬ್ಬನ್ನು ನಿಲ್ಲಿಸುತ್ತೇವೆ. ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಮಳೆಯಾಶ್ರಿತ ಹೊಲಗಳಲ್ಲಿ ಕಬ್ಬು ಬೆಳೆಯುವುದಿಲ್ಲ. ಹಬ್ಬದ ಕಬ್ಬು ಹೊಸಪೇಟೆ, ಕಂಪ್ಲಿಯ ಕಡೆಯಂತಹ ತುಂಗಭದ್ರೆಯ ನೀರುಂಡ ನೆಲದಿಂದ ಬರುತ್ತದೆ. ಅದು ನಮ್ಮ ಹಬ್ಬಕ್ಕೆ ಬಂದ ನೆಂಟ. ಅಜ್ಜಿಯ ಲೆಕ್ಕದಲ್ಲಿ ನೆಂಟನನ್ನು ಬಾಗಿಲಲ್ಲಿ ನಿಲ್ಲಿಸಿ ಗೌರವಿಸಬಹುದು, ಮೇಟಿಯಾಗಿ ನಡುವೆಯೂ ನಿಲ್ಲಿಸಬಹುದು; ರಾಶಿಯಲ್ಲಿ ಮಾತ್ರ ಸೇರಿಸುವಂತಿಲ್ಲ. ಕಬ್ಬು ಕಂಬವಾಗಲಿ, ರಾಶಿ ನಮ್ಮ ಹೊಲದ್ದಾಗಲಿ ಎಂಬುದು ಅವಳ ಕಟ್ಟಳೆ.

ಹೀಗೆ ಮಾಡಲು ಐದು ಜಲ್ಲೆ ಸಾಕು: ತಲಬಾಗಿಲಿಗೆ ಎರಡು, ಮೇಟಿಗೆ ಮೂರು. ಕೊಳ್ಳುವಾಗ ಜಲ್ಲೆಯ ದಪ್ಪಕ್ಕಿಂತ ಗರಿಯನ್ನು ನೋಡಬೇಕು. ಸೋಗೆಯನ್ನು ಕತ್ತರಿಸಿದ ಕಬ್ಬು ತಿನ್ನಲು ಒಳ್ಳೆಯದು, ಸಿಂಗಾರಕ್ಕೆ ಒದಗದು. ನಡುಗರಿ ನೆಟ್ಟಗೆ ನಿಂತಿದ್ದರೆ ಕಡಿದು ಹೆಚ್ಚು ದಿನವಾಗಿಲ್ಲವೆಂದು ತಿಳಿಯಬಹುದು. ಗರಿಗಳು ಕೊಳವೆಯಂತೆ ಸುರುಳಿ ಸುತ್ತಿಕೊಂಡಿದ್ದರೆ ಅದು ಆಗಲೇ ಬಾಯಾರಿದೆ. ಜನವರಿಯ ಒಣಗಾಳಿಯಲ್ಲಿ ಸುಮ್ಮನೆ ಗೋಡೆಗೆ ಒರಗಿಸಿದ ಕಬ್ಬಿನ ಗರಿ ಒಂದೇ ಹಗಲಿನಲ್ಲಿ ಸುರುಟುತ್ತದೆ. ಬುಡವನ್ನು ಓರೆಯಾಗಿ ಹೊಸದಾಗಿ ಕತ್ತರಿಸಿ ಒದ್ದೆ ಮರಳಿನಲ್ಲಿ ನಿಲ್ಲಿಸಿದರೆ ಭೋಗಿಯಿಂದ ಕರಿಯವರೆಗೆ ಮೂರು ದಿನ ಬಾಳುತ್ತದೆ. ಗರಿಯ ಅಂಚು ಗರಗಸದಂತಿರುವುದರಿಂದ ಕೈಗೆ ಬಟ್ಟೆ ಸುತ್ತಿಕೊಂಡು ಕೆಳಗಿನಿಂದ ಮೇಲಕ್ಕೆ ಸವರಿ ಒರೆಸಬೇಕು. ತಿರುಗಿ ಸವರಿದರೆ ಬೆರಳು ಕೊಯ್ಯುತ್ತದೆ.

ಬಾಗಿಲಿನ ಎರಡು ಕಬ್ಬುಗಳನ್ನು ಕಮಾನಿನಂತೆ ಬಾಗಿಸಲು ಹೋಗಬಾರದು. ಮೊದಲ ಸಲ ನಾನು ಹಾಗೆ ಮಾಡಿ ಒಂದು ಜೋಡಿಯನ್ನು ಕಳೆದೆ. ಕಬ್ಬು ಬಿದಿರಲ್ಲ, ಬಾಗುವುದಿಲ್ಲ, ಗೆಣ್ಣಿನ ಬಳಿ ಲಟಕ್ಕನೆ ಮುರಿಯುತ್ತದೆ. ಜಲ್ಲೆಗಳನ್ನು ಚೌಕಟ್ಟಿನ ಎರಡು ಬದಿಗೆ ನೆಟ್ಟಗೆ ಕಟ್ಟಿ, ಗರಿಗಳನ್ನು ಮಾತ್ರ ನಡುವೆ ತಂದು ಒಂದಕ್ಕೊಂದು ಹೆಣೆದರೆ ಕಮಾನು ತಾನಾಗಿ ಮೂಡುತ್ತದೆ. ಕಟ್ಟಲು ಪುಂಡಿನಾರು ಒಳ್ಳೆಯದು. ಅದನ್ನು ನೀರಿನಲ್ಲಿ ನೆನೆಸಿ ಕಟ್ಟಿದರೆ ಒಣಗುತ್ತ ಬಿಗಿಯುತ್ತದೆ. ಪ್ಲಾಸ್ಟಿಕ್ ದಾರ ನುಣುಪಾದ ಸಿಪ್ಪೆಯ ಮೇಲೆ ಜಾರುತ್ತದೆ, ಸಂಜೆಯ ಹೊತ್ತಿಗೆ ಕಬ್ಬು ವಾಲಿರುತ್ತದೆ.

ಮೇಟಿಯ ಮೂರು ಕಬ್ಬುಗಳಿಗೆ ಮಣ್ಣಿನ ಅಂಗಳದಲ್ಲಿ ಮೊಳದುದ್ದದ ಕುಳಿ ತೋಡಿದರೆ ಆಯಿತು. ಸಿಮೆಂಟಿನ ಮೇಲಾದರೆ ಕಬ್ಬಿಣದ ಬಕೆಟ್ಟಿನ ಅಡಿಗೆ ಕಲ್ಲು, ಮೇಲೆ ಒದ್ದೆ ಮರಳು ತುಂಬಬೇಕು. ಗರಿಗಳಿಂದಾಗಿ ತಲೆಭಾರ ಹೆಚ್ಚು. ಪ್ಲಾಸ್ಟಿಕ್ ಬಕೆಟ್ಟಾದರೆ ಒಂದೇ ಗಾಳಿಗೆ ಮಗುಚುತ್ತದೆ. ಜಲ್ಲೆಗಳನ್ನು ಒಂದಾಳಿನ ಎತ್ತರಕ್ಕೆ ಬುಡದ ಕಡೆಯಿಂದ ಕತ್ತರಿಸಿ, ಬುಡ, ನಡು, ಗರಿಯ ಕೆಳಗೆ ಹೀಗೆ ಮೂರು ಕಡೆ ಕಟ್ಟಬೇಕು. ಕತ್ತರಿಸಿ ಉಳಿದ ತುಂಡುಗಳೇ ಮಕ್ಕಳ ತಲೆಯ ಮೇಲೆ ಎರೆಯುವ ಚೂರುಗಳಾಗುತ್ತವೆ. ಬಕೆಟ್ಟನ್ನು ಜೋಳದ ದಂಟಿನಿಂದ ಸುತ್ತಿ ಮುಚ್ಚಿದರೆ ಕಣ್ಣಿಗೆ ಮೇಟಿಯೇ.

ಇನ್ನು ರಾಶಿ. ಸಂಕ್ರಾಂತಿಯ ಹೊತ್ತಿಗೆ ನಮ್ಮ ಕಡೆಯ ಬೆಳೆಗಳಲ್ಲಿ ಒಂದು ಪಾಲು ಮನೆಗೆ ಬಂದಿರುತ್ತದೆ, ಇನ್ನೊಂದು ಪಾಲು ಹೊಲದಲ್ಲೇ ಇರುತ್ತದೆ. ಸಜ್ಜೆ, ನವಣೆ, ಶೇಂಗಾ ಮುಂಗಾರಿಯವು. ಅವು ದೀಪಾವಳಿಯ ಹೊತ್ತಿಗೇ ಬಂದು ಗುಮ್ಮಿ ಸೇರಿರುತ್ತವೆ. ತೊಗರಿ ಈಗಷ್ಟೇ ಬರುತ್ತಿರುತ್ತದೆ. ಹಿಂಗಾರಿಯ ಬಿಳಿಜೋಳ ಇನ್ನೂ ತೆನೆಯಲ್ಲಿ ಹಾಲು ಗಟ್ಟಿಯಾಗುತ್ತ ನಿಂತಿರುತ್ತದೆ. ಸೀತನಿ ಸುಟ್ಟು ತಿನ್ನುವ ಕಾಲ ಅದು. ಕಡಲೆ ಹಸಿಗಾಯಿ ಬಿಟ್ಟಿರುತ್ತದೆ. ಈ ವ್ಯತ್ಯಾಸವನ್ನೇ ನಾವು ಕಣದಲ್ಲಿ ಕಾಣಿಸುತ್ತೇವೆ. ವೃತ್ತದ ಮೂಡಣ ಅರ್ಧದಲ್ಲಿ ಬಂದ ಬೆಳೆ, ಮೊರಗಳಲ್ಲಿ ಒಣಕಾಳಾಗಿ. ಪಡುವಣ ಅರ್ಧದಲ್ಲಿ ಬರಬೇಕಾದ ಬೆಳೆ, ಹಸಿರು ಸೂಡುಗಳಾಗಿ: ಬೇರುಸಹಿತ ಕಿತ್ತ ಕಡಲೆಗಿಡ, ಐದು ಜೋಳದ ತೆನೆ, ಅರಳಿದ ಹತ್ತಿಯ ಒಂದೆರಡು ಕೊಂಬೆ. ನೋಡಿದವರಿಗೆ ಆ ವರ್ಷದ ಬೇಸಾಯದ ಸ್ಥಿತಿ ಒಂದೇ ನೋಟಕ್ಕೆ ತಿಳಿಯುತ್ತದೆ. ಯಾವುದು ಬರಲಿಲ್ಲವೋ ಅದರ ಜಾಗ ಸಣ್ಣದಾಗುತ್ತದೆ, ಬೇರೆಯದರಿಂದ ತುಂಬಿಸುವುದಿಲ್ಲ.

ಕಾಳನ್ನು ನೆಲದ ಮೇಲೆ ನೇರವಾಗಿ ಸುರಿದು ರಂಗೋಲಿ ಮಾಡುವವರಿದ್ದಾರೆ. ಚಿತ್ರಕ್ಕೆ ಅಂದವಾಗಿರಬಹುದು. ಆದರೆ ಬೆಳಗಿನ ಇಬ್ಬನಿಗೆ ನೆಲ ಒದ್ದೆಯಾಗಿ ಕಾಳು ಉಬ್ಬುತ್ತದೆ, ಅಳಿಲು ಗುಬ್ಬಿಗಳು ಗೆರೆಗಳನ್ನು ಕಲಕುತ್ತವೆ, ಕೊನೆಗೆ ಗುಡಿಸಿದಾಗ ಮಣ್ಣು ಬೆರೆತ ಕಾಳು ಯಾರಿಗೂ ಬಾರದು. ಮೊರದಲ್ಲಿಟ್ಟರೆ ರಾತ್ರಿ ಒಳಗೆತ್ತಿ ಬೆಳಗ್ಗೆ ಮತ್ತೆ ಇಡಬಹುದು. ಗುಬ್ಬಿಗೆಂದೇ ಒಂದು ಸಜ್ಜೆಯ ತೆನೆಯನ್ನು ಸೂರಿನಡಿ ಕಟ್ಟಿದರೆ ಅವೂ ಮೊರದ ತಂಟೆಗೆ ಹೆಚ್ಚು ಬರುವುದಿಲ್ಲ.

ಅಂಗಳದಿಂದ ಒಳಗೆ ಬಂದರೆ ಅಡುಗೆಮನೆ. ಇಲ್ಲಿ ಸಿಂಗಾರವೆಂದು ಬೇರೆ ಮಾಡುವುದು ಕಡಿಮೆ. ಇರುವುದನ್ನೇ ತೊಳೆದು ಸರಿಯಾದ ಜಾಗದಲ್ಲಿ ಇಟ್ಟರೆ ಸಾಲುತ್ತದೆ. ಬೀಸುವ ಕಲ್ಲಿಗೆ ಸುಣ್ಣ ಕೆಮ್ಮಣ್ಣಿನ ಪಟ್ಟೆ, ಗೋಡೆಯ ಗೂಡಿನಲ್ಲಿ ದಾರಕ್ಕೆ ಪೋಣಿಸಿದ ಕೆಂಪು ಮೆಣಸಿನಕಾಯಿ, ನೆಲದ ಮೇಲೆ ಕುಂಬಳ ಮತ್ತು ಬದನೆ, ಪುಂಡಿಸೊಪ್ಪಿನ ಕಟ್ಟು. ಭೋಗಿಯ ದಿನ ಎಳ್ಳು ಹಚ್ಚಿ ಬಡಿದ ಸಜ್ಜೆಯ ರೊಟ್ಟಿಗಳನ್ನು ಬಿದಿರಿನ ಬುಟ್ಟಿಯಲ್ಲಿ ನಿಲ್ಲಿಸಿಟ್ಟರೆ ಅದಕ್ಕಿಂತ ಒಳ್ಳೆಯ ಸುಗ್ಗಿಯ ಚಿತ್ರ ಬೇರೆ ಬೇಕಾಗಿಲ್ಲ. ಒಣತೆನೆಯನ್ನು ಮಾತ್ರ ಒಲೆಯ ಮೇಲ್ಭಾಗದಲ್ಲಿ ತೂಗುಹಾಕಬೇಡಿ, ಕಿಡಿಯೊಂದು ಸಾಕು. ಹಬ್ಬ ಮುಗಿದ ಮೇಲೆ ತೆನೆಗಳನ್ನು ಗೋಡೆಯಲ್ಲೇ ಬಿಟ್ಟರೆ ಹುಳು ಹಿಡಿದು ಡಬ್ಬಿಯ ಕಾಳಿಗೂ ಹಬ್ಬುತ್ತದೆ. ಕರಿಯ ಮರುದಿನ ಅವನ್ನು ಬಡಿದು ಕಾಳು ತೆಗೆದುಬಿಡುವುದು ನಮ್ಮ ಮನೆಯ ಪದ್ಧತಿ.

ಅಡುಗೆಮನೆಯ ನಿಜವಾದ ಅಲಂಕಾರ ಕುಸುರೆಳ್ಳಿನ ಪರಾತ. ಅದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಅದು ನಿಧಾನವನ್ನೇ ಬೇಡುವ ಪದಾರ್ಥ. ಎಳ್ಳಿನ ಒಂದೊಂದು ಕಾಳಿನ ಮೇಲೂ ಸಕ್ಕರೆಯ ಸಣ್ಣ ಸಣ್ಣ ಮುಳ್ಳುಗಳು ಎದ್ದಿರುವ ಬಿಳಿಯ ಸಿಹಿ ಇದು. ಕುಸುರಿಯ ಕೆಲಸ ಎನ್ನುತ್ತೇವಲ್ಲ, ಆ ಮಾತನ್ನು ನೆನೆಯಿರಿ. ಉತ್ತರ ಕರ್ನಾಟಕದಲ್ಲಿ ಇದನ್ನು ದಾರಕ್ಕೆ ಸೇರಿಸಿ ಕೂಸುಗಳಿಗೂ ಹೊಸ ಮದುಮಗಳಿಗೂ ಆಭರಣ ಮಾಡಿ ತೊಡಿಸುವುದುಂಟು.

ನಮ್ಮ ಮನೆಯ ಅಳತೆ ಒಂದು ಹಿಡಿ ಬಿಳಿ ಎಳ್ಳಿಗೆ ಅರ್ಧ ಕಿಲೊ ಸಕ್ಕರೆ. ಎಳ್ಳನ್ನು ನೆನೆಸಿ, ಒರಟು ಬಟ್ಟೆಯಲ್ಲಿ ಉಜ್ಜಿ ಸಿಪ್ಪೆ ತೆಗೆದು, ನೆರಳಿನಲ್ಲಿ ಒಣಗಿಸಿ, ಬಣ್ಣ ಬದಲಾಗದಂತೆ ಬೆಚ್ಚಗೆ ಹುರಿಯಬೇಕು. ಸಕ್ಕರೆಗೆ ಅದರ ಅಳತೆಯಷ್ಟೇ ನೀರು ಹಾಕಿ ಕುದಿಸುವಾಗ ಎರಡು ಚಮಚ ಹಾಲು ಬಿಟ್ಟರೆ ಕೊಳೆ ನೊರೆಯಾಗಿ ಮೇಲೆ ಬರುತ್ತದೆ. ನೊರೆ ತೆಗೆದು ಪಾಕವನ್ನು ಬಟ್ಟೆಯಲ್ಲಿ ಸೋಸಬೇಕು. ಪಾಕ ಬೆರಳಿಗೆ ಅಂಟಬೇಕು, ಎಳೆ ಬರಬಾರದು. ಎಳೆ ಬಂದ ಪಾಕ ಉಂಡೆಗೆ ಸರಿ. ಇಲ್ಲಿ ಅದು ಕಾಳನ್ನು ನುಣ್ಣಗೆ ಮೆತ್ತಿ ಮುಳ್ಳೇಳಲು ಬಿಡುವುದಿಲ್ಲ.

ಆಮೇಲೆ ಕಲಾಯಿ ಮಾಡಿದ ಹಿತ್ತಾಳೆಯ ಪರಾತವನ್ನು ಸಣ್ಣ ಕೆಂಡದ ಮೇಲಿಟ್ಟು ಎಳ್ಳು ಹರವಬೇಕು. ಗ್ಯಾಸಾದರೆ ಪರಾತದ ಕೆಳಗೆ ಕಬ್ಬಿಣದ ಹಂಚು ಇಟ್ಟು ಉರಿಯನ್ನು ಆದಷ್ಟು ತಗ್ಗಿಸಬೇಕು. ಪರಾತದ ತಳವನ್ನು ಬೆರಳು ತಾಳಿಕೊಳ್ಳುವಷ್ಟೇ ಬಿಸಿ ಇರಬೇಕು, ಏಕೆಂದರೆ ಕೆಲಸ ಮಾಡುವುದು ಬೆರಳುಗಳೇ. ಒಂದು ಸಣ್ಣ ಚಮಚ ಪಾಕ ಬಿಟ್ಟು, ಬೆರಳ ತುದಿಗಳಿಂದ ಕಾಳುಗಳನ್ನು ಮೆಲ್ಲಗೆ ಹೊರಳಿಸುತ್ತ ಹೋಗಬೇಕು. ಅದು ಪೂರ್ತಿ ಒಣಗುವ ತನಕ ಮುಂದಿನ ಚಮಚ ಬಿಡುವಂತಿಲ್ಲ. ಒಣಗಿದಾಗ ಸಕ್ಕರೆ ಸಣ್ಣ ಹರಳಾಗಿ ಕಾಳಿನ ಮೇಲೆ ನಿಲ್ಲುತ್ತದೆ. ಮುಂದಿನ ಹನಿಯ ಸಕ್ಕರೆ ಆ ಹರಳನ್ನೇ ಹಿಡಿದು ಅದನ್ನು ಬೆಳೆಸುತ್ತದೆ. ಹೀಗೆ ಹರಳಿನ ಮೇಲೆ ಹರಳು ಕೂತು ಮುಳ್ಳಾಗುತ್ತದೆ. ಆತುರಪಟ್ಟು ಎರಡು ಚಮಚ ಸುರಿದರೆ ನೀರು ಹೆಚ್ಚಾಗಿ, ನಿನ್ನೆ ಎದ್ದ ಮುಳ್ಳು ಇಂದು ಕರಗಿಹೋಗುತ್ತದೆ. ಉರಿ ಹೆಚ್ಚಾದರೆ ಸಕ್ಕರೆ ಹಳದಿಗೆ ತಿರುಗುತ್ತದೆ. ಆ ಬಣ್ಣ ಮತ್ತೆ ಹೋಗದು.

ಮೊದಲ ರಾತ್ರಿ ಎಳ್ಳು ಕೇವಲ ಬೆಳ್ಳಗಾಗುತ್ತದೆ. ಎರಡನೆಯ ರಾತ್ರಿ ಮರಳಿನಂತೆ ಒರಟಾಗುತ್ತದೆ. ಮೂರನೆಯ ರಾತ್ರಿ ಮುಳ್ಳು ಕಾಣಿಸುತ್ತದೆ. ನಡುವೆ ಹಗಲಿನಲ್ಲಿ ತೆಳುಬಟ್ಟೆ ಮುಚ್ಚಿ ಹರವಿಡಬೇಕು. ಒಣಚಳಿ ಇದ್ದಷ್ಟೂ ಮುಳ್ಳು ಚೂಪು. ಮೋಡ ಕವಿದು ಗಾಳಿಯಲ್ಲಿ ತೇವವಿದ್ದರೆ ಮೊಂಡಾಗುತ್ತದೆ. ಪುಷ್ಯದ ಚಳಿಯಲ್ಲಿ ಬರುವ ಹಬ್ಬಕ್ಕೆ ಈ ಸಿಹಿ ಸೇರಿಕೊಂಡದ್ದು ಸುಮ್ಮನಲ್ಲವೆಂದು ನನಗೆ ಅನ್ನಿಸುತ್ತದೆ.

ಅಜ್ಜಿಯ ಕಣ್ಣು ಮಂಜಾದ ಮೇಲೂ ಕುಸುರೆಳ್ಳು ಅವಳದೇ ಆಗಿತ್ತು. ಪರಾತದ ಪಕ್ಕದಲ್ಲಿ ಕುಳಿತು ಕಿವಿಯಿಂದ ನೋಡುತ್ತಿದ್ದಳು. ಪಾಕ ಬಿಟ್ಟೊಡನೆ ಕಾಳು ಮೂಕವಾಗುತ್ತದೆ, ಬೆರಳು ಆಡಿಸಿದರೆ ಸದ್ದಿಲ್ಲ. ಒಣಗುತ್ತ ಬಂದಂತೆ ಮೊದಲು ಪಿಸುಪಿಸು, ಆಮೇಲೆ ಸರಸರ. "ಈಗ ಮಾತಾಡಾಕತ್ತೈತಿ, ಹಾಕು" ಎಂದಾಗಲೇ ಮುಂದಿನ ಚಮಚ. ನಾನು ಒಮ್ಮೆ ಅವಳು ಹೇಳುವ ಮುನ್ನವೇ ಹಾಕಿದೆ. ಕಾಳುಗಳು ಒಂದಕ್ಕೊಂದು ಅಂಟಿ ಗಂಟಾದವು. ಅಜ್ಜಿ ಪರಾತವನ್ನು ಇಳಿಸಿ, ಗಂಟುಗಳನ್ನು ಬೆರಳಿನಿಂದ ಒಂದೊಂದಾಗಿ ಬಿಡಿಸಿದಳು. ಬಿಡಿಸಲು ಬಾರದವನ್ನು ನನ್ನ ಕೈಗೆ ಹಾಕಿ, "ಇವು ನಿನ್ನವು, ತಿನ್ನು" ಎಂದಳು. ಅರ್ಧ ರಾತ್ರಿಯ ಕೆಲಸವನ್ನು ನಾನು ಒಂದೇ ಬಾಯಿಗೆ ತಿಂದೆ.

ಸಿದ್ಧವಾದ ಎಳ್ಳಿನ ಸಿಹಿಗಳನ್ನು ಜೋಡಿಸುವುದರಲ್ಲಿಯೂ ಒಂದು ಲೆಕ್ಕವಿದೆ. ಪಡಸಾಲೆಯಲ್ಲಿ ಒಂದು ಮರದ ಮಣೆ, ಅದರ ಹಿಂದೆ ಅದಕ್ಕಿಂತ ಎತ್ತರದ ಇನ್ನೊಂದು. ಹಿಂದಿನ ಎತ್ತರದ ಮಣೆಯ ಮೇಲೆ ಕುಸುರೆಳ್ಳಿನ ತಟ್ಟೆ ಒಂದೇ. ಮುಂದಿನದರ ಮೇಲೆ ಎಳ್ಳುಂಡೆ, ಶೇಂಗಾ ಉಂಡೆ, ಕೊಬ್ಬರಿ ಮತ್ತು ಬೆಲ್ಲದ ಚೂರು. ಬೆಲ್ಲ ತೇವವನ್ನು ಎಳೆದುಕೊಂಡು ಪಸೆಯೊಡೆಯುವುದರಿಂದ ಅದರ ಪಕ್ಕದಲ್ಲಿಟ್ಟ ಕುಸುರೆಳ್ಳು ಸಂಜೆಗೆ ಮೆತ್ತಗಾಗುತ್ತದೆ; ಆದ್ದರಿಂದ ಈ ಅಂತರ. ಉಂಡೆಗಳನ್ನು ಗೋಪುರವಾಗಿ ಕಟ್ಟಬೇಕೆಂದರೆ ನಿಂಬೆಹಣ್ಣಿನ ಗಾತ್ರದ ಮೂವತ್ತು ಉಂಡೆ ಬೇಕು: ಅಡಿಗೆ ನಾಲ್ಕು ಸಾಲಿನಂತೆ ಹದಿನಾರು, ಅದರ ಮೇಲೆ ಒಂಬತ್ತು, ಆಮೇಲೆ ನಾಲ್ಕು, ತುದಿಗೆ ಒಂದು. ತಟ್ಟೆಯಲ್ಲಿ ಬೆರಳಿನ ಅಗಲದಷ್ಟು ಹಸಿ ಎಳ್ಳು ಹರವಿ ಅದರ ಮೇಲೆ ಮೊದಲ ಸಾಲು ಕೂರಿಸಿದರೆ ಉಂಡೆ ಉರುಳುವುದಿಲ್ಲ. ಉಂಡೆ ಕಟ್ಟಿ ಪೂರ್ತಿ ಆರಿದ ಮೇಲೆಯೇ ಪೇರಿಸಬೇಕು. ಬಿಸಿಯಿರುವಾಗ ಪೇರಿಸಿದರೆ ಬೀರುವಾಗ ಗೋಪುರವನ್ನೇ ಒಡೆಯಬೇಕಾದೀತು. ಮಣೆಯ ಕಾಲುಗಳನ್ನು ನೀರು ತುಂಬಿದ ಬಟ್ಟಲುಗಳಲ್ಲಿ ಇಟ್ಟರೆ ಇರುವೆ ಹತ್ತುವುದಿಲ್ಲ. ಕತ್ತರಿಸಿದ ಕಬ್ಬನ್ನು ಈ ಮಣೆಯ ಹತ್ತಿರ ತರಲೇಬಾರದು. ಇರುವೆಗೆ ಅದೇ ದಾರಿ ತೋರಿಸುತ್ತದೆ.

ಅಜ್ಜಿ ಈಗಿಲ್ಲ. ಪರಾತ ನನ್ನ ಬಳಿ ಇದೆ. ನನ್ನ ತಮ್ಮನ ಮಗಳು ತೆಲುಗು ಮಾಧ್ಯಮದಲ್ಲಿ ಏಳನೆಯ ತರಗತಿ ಓದುತ್ತಿದ್ದಾಳೆ. ಮನೆಯಲ್ಲಿ ಕನ್ನಡ ಆಡುತ್ತಾಳೆ, ಆದರೆ ಮೊರವನ್ನು 'ಚೇಟ' ಎನ್ನುತ್ತಾಳೆ. ಹಗೇವು ಎಂದರೆ ಅವಳಿಗೆ ಗೊತ್ತಿರಲಿಲ್ಲ, 'ಪಾತರ' ಎಂದಾಗ ನೆಲದೊಳಗೆ ಧಾನ್ಯ ತುಂಬಿಡುವ ಕುಳಿ ಎಂದು ಹೊಳೆಯಿತು. ಗುಮ್ಮಿ ಎಂಬ ಮಾತು ಮಾತ್ರ ಎರಡು ಭಾಷೆಗೂ ಒಂದೇ ಆದುದರಿಂದ ಉಳಿದಿದೆ. ಇದಕ್ಕಾಗಿ ನಾನು ಅವಳನ್ನು ದೂರುವುದಿಲ್ಲ. ವಸ್ತು ಮನೆಯಲ್ಲಿ ಇಲ್ಲದ ಮೇಲೆ ಹೆಸರು ಎಲ್ಲಿ ನಿಲ್ಲಬೇಕು? ಹೋದ ಸಂಕ್ರಾಂತಿಗೆ ಕಣ ಹಾಕುವಾಗ ಒಂದೊಂದು ವಸ್ತುವಿನ ಮುಂದೆಯೂ ಅದರ ಎರಡು ಹೆಸರನ್ನು ಅವಳ ಕೈಯಿಂದಲೇ ಬರೆಸಿ ಇಡಿಸಿದೆ. ಪಕ್ಕದ ಮನೆಯ ಮಕ್ಕಳು ಬಂದು ಕನ್ನಡದ ಸಾಲನ್ನು ಓದಲು ಹೆಣಗಿದರು, ಇವಳು ಹೇಳಿಕೊಟ್ಟಳು. ವಿಭಾಗದ ಜಗುಲಿಯಲ್ಲಿ ನೀವು ಮಾಡಲಿರುವ ಸಿಂಗಾರಕ್ಕೂ ಇದನ್ನೇ ಸೂಚಿಸುತ್ತೇನೆ. ಪ್ರತಿಯೊಬ್ಬರೂ ತಮ್ಮ ಊರಿನ ಹೊಲದಿಂದ ಒಂದು ಹಿಡಿ ತನ್ನಿ, ಅದರ ಹೆಸರನ್ನು ನಿಮ್ಮ ಮನೆಯವರು ಆಡುವಂತೆಯೇ ಬರೆಯಿರಿ. ಈ ವರ್ಷ ಬೆಳೆ ಬಾರದವರು ಬೀಜದ ಚೀಲದಿಂದ ನಾಲ್ಕು ಕಾಳು ತಂದರೂ ಮೊರದಲ್ಲಿ ಅದಕ್ಕೆ ಜಾಗವಿದೆ.

ಮೂರನೆಯ ರಾತ್ರಿ ಆ ಹುಡುಗಿಯನ್ನು ಪರಾತದ ಮುಂದೆ ಕೂರಿಸಿದೆ. ಬೆರಳು ಸುಡುತ್ತದೆಂದು ಎರಡು ಸಲ ಕೈ ಎಳೆದುಕೊಂಡಳು. ನಾನು ಪಾಕದ ಚಮಚ ಹಿಡಿದು ಕಾಯುತ್ತಿದ್ದೆ. ದೂರದಲ್ಲಿ ಯಾರದೋ ಮನೆಯ ಟಿ.ವಿ. ನಿಂತಿತು. ಅವಳು ತಲೆ ಓರೆ ಮಾಡಿ, ಉಸಿರು ಹಿಡಿದು ಸ್ವಲ್ಪ ಹೊತ್ತು ಕೇಳಿದಳು.

"ಈಗ ಹಾಕತ್ತಿ," ಎಂದಳು. "ಸದ್ದು ಬಂತು."